ಕಡಿಮೆ ಬರೆದ ಬೆಲೆ

ನಮ್ಮ ಸೋದರಮಾವನಿಗೆ ಬೀದಿಯವರು ಇಟ್ಟಿದ್ದ ಹೆಸರು ‘ಉಳಿತಾಯದ ಮಾವ’. ಅವನು ಪತ್ರಬರಹಗಾರ. ನೋಂದಣಿ ಕಚೇರಿಯ ಎದುರಿಗೆ, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಅವನದೊಂದು ಮೇಜು. ಮನೆ ಮಾರುವವರು ಒಂದು ಕಡೆ, ಕೊಳ್ಳುವವರು ಇನ್ನೊಂದು ಕಡೆ, ನಡುವೆ ಇವನು. ಚೆಕ್ಕುಬಂದಿ ಕೇಳಿ, ಪೂರ್ವಕ್ಕೆ ಯಾರ ಗೋಡೆ ಪಶ್ಚಿಮಕ್ಕೆ ಯಾವ ಓಣಿ ಎಂದು ಬರೆದು ಮುಗಿಸಿದ ಮೇಲೆ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದ: “ಬೆಲೆ ಎಷ್ಟು? ನಿಜದ್ದು ಬೇಡ, ಬರೆಯೋದು ಹೇಳಿ.”

ಆ ಮಾತಿಗೆ ಎಲ್ಲರೂ ನಗುತ್ತಿದ್ದರು. ನಗದೆ ಏನು, ಅದು ಅಲ್ಲಿನ ಪದ್ಧತಿಯೇ. ಸರ್ಕಾರ ಪ್ರತಿ ಬೀದಿಗೂ ಒಂದು ಮಾರ್ಗಸೂಚಿ ದರ ಗೊತ್ತು ಮಾಡಿರುತ್ತದೆ. ಕ್ರಯಪತ್ರದಲ್ಲಿ ಅದಕ್ಕಿಂತ ಕಡಿಮೆ ಬರೆದರೆ ಕಚೇರಿಯವರು ಒಪ್ಪುವುದಿಲ್ಲ. ಅದಕ್ಕಿಂತ ಒಂದಿಷ್ಟು ಮೇಲೆ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಮಿಕ್ಕ ದುಡ್ಡು ಕೈಯಿಂದ ಕೈಗೆ. ಮುದ್ರಾಂಕ ಶುಲ್ಕ ಉಳಿಯಿತು, ಕೊಂಡವರಿಗೆ ಒಂದು ಬಾಗಿಲೋ ಎರಡು ಕಿಟಕಿಯೋ ಬಂತು. “ಸರ್ಕಾರದ ಹೊಟ್ಟೆ ದೊಡ್ಡದು. ಒಂದು ತುತ್ತು ಕಮ್ಮಿ ಬಡಿಸಿದ್ರೆ ಸಾಯಲ್ಲ ಬಿಡಿ” ಎನ್ನುತ್ತಿದ್ದ ಮಾವ. ಇದಕ್ಕೆಂದು ಅವನು ಹೆಚ್ಚಿಗೆ ಒಂದು ಕಾಸೂ ಮುಟ್ಟಿದವನಲ್ಲ. ಜನರಿಗೆ ಉಳಿಸಿಕೊಟ್ಟೆ ಎಂಬ ಖುಷಿಯೇ ಅವನಿಗೆ ಊಟ. ನಮ್ಮ ಬೀದಿಯಲ್ಲಿ ಕೈಬದಲಾದ ಮನೆಗಳ ಪತ್ರವೆಲ್ಲ ಅವನ ಕೈಯವೇ.

ಆ ಬೀದಿ ಬಸ್ ನಿಲ್ದಾಣದ ಬೆನ್ನಿಗೇ ಇತ್ತು. ನಮ್ಮದು ಎರಡು ಕೋಣೆಯ ಮನೆ, ಮುಂದೆ ತಗಡಿನ ಚಾವಣಿಯ ಕೆಳಗೆ ಅಮ್ಮನ ಹೊಲಿಗೆ ಯಂತ್ರ. ಅಪ್ಪ ತೀರಿಕೊಂಡ ಮೇಲೆ ನಾವು ಉಂಡದ್ದು ಆ ಯಂತ್ರದಿಂದ. ಅಮ್ಮ ಹೊಸ ಬಟ್ಟೆ ಹೊಲಿಯುತ್ತಿದ್ದದ್ದು ಅಪರೂಪ. ಪ್ಯಾಂಟಿನ ಉದ್ದ ಕತ್ತರಿಸುವುದು, ಕಿತ್ತುಹೋದ ಜಿಪ್ ಹಾಕುವುದು, ಚೀಲದ ಹಿಡಿಗೆ ಎರಡು ಸುತ್ತು ಹೊಲಿಗೆ. ಬಸ್ಸಿಗೆ ಕಾಯುವವರೇ ಗಿರಾಕಿಗಳು. “ಬಸ್ ಬರೋದ್ರೊಳಗೆ ಆಗತ್ತಾ?” ಎಂದು ಕೇಳಿಕೊಂಡು ಬರುತ್ತಿದ್ದರು, ಆಗುತ್ತಿತ್ತು. ಬೇರೆ ಕಡೆ ಕೂತರೆ ಆ ಕೆಲಸಕ್ಕೆ ನೊಣವೂ ಬರುವುದಿಲ್ಲ. ಆದ್ದರಿಂದ ಬಸ್ ನಿಲ್ದಾಣ ವಿಸ್ತರಣೆಗೆ ನಮ್ಮ ಬೀದಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಾಥಮಿಕ ಅಧಿಸೂಚನೆಯನ್ನು ಗೋಡೆಗೆ ಅಂಟಿಸಿದ ದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅವರು ಕೊಡೋ ದುಡ್ಡಲ್ಲಿ ನಿಲ್ದಾಣದ ಹತ್ರಾನೇ ಒಂದು ಗೂಡು ಸಿಗತ್ತಾ ಅಣ್ಣಾ?”

“ಸಿಗದೆ ಏನು? ಬಲವಂತವಾಗಿ ತಗೊಳ್ತಾರೆ ಅಂತ ಬೆಲೆ ಮೇಲೆ ಇನ್ನಷ್ಟು ಸೇರಿಸಿ ಕೊಡ್ತಾರೆ. ಕಾನೂನೇ ಇದೆ. ನೀನು ಸುಮ್ನೆ ಹೊಲೀತಾ ಇರು” ಎಂದ ಮಾವ.

ಮೊದಲು ಆಕ್ಷೇಪಣೆ. ಮಾವನೇ ಬರೆದ, ಇಡೀ ಬೀದಿ ಸಹಿ ಹಾಕಿತು. ನಿಲ್ದಾಣದ ಇನ್ನೊಂದು ಮಗ್ಗುಲಲ್ಲಿ ಸರ್ಕಾರದ್ದೇ ಹಳೆಯ ಉಗ್ರಾಣ ಪಾಳುಬಿದ್ದಿದೆ, ಅದನ್ನು ತೆಗೆದುಕೊಳ್ಳಿ ಎಂದು. ಸ್ವಾಧೀನಾಧಿಕಾರಿ ಒಳ್ಳೆಯ ಮನುಷ್ಯ. ಹಾಳು ಮನುಷ್ಯನಾಗಿದ್ದರೆ ಬೈದಾದರೂ ಸಮಾಧಾನ ಪಡುತ್ತಿದ್ದೆ. ನಮ್ಮನ್ನು ಕೂರಿಸಿ, ನೀರು ಕೊಡಿಸಿ, ಎಲ್ಲರ ಮಾತನ್ನೂ ಬರೆಸಿಕೊಂಡ.

“ನೋಡಿ ತಾಯಿ, ಬಸ್ ನಿಲ್ದಾಣ ಸಾರ್ವಜನಿಕ ಉದ್ದೇಶ. ಅದು ಬೇಕಾ ಬೇಡ್ವಾ ಅನ್ನೋ ಪ್ರಶ್ನೆ ನನ್ನ ಹತ್ರ ಇಲ್ಲ. ಉಗ್ರಾಣದ ವಿಷಯ ವರದಿಯಲ್ಲಿ ಹಾಕ್ತೀನಿ” ಎಂದ.

ಹಾಕಿದ ಕೂಡ. ಉಗ್ರಾಣದ ಕಡೆ ಬಸ್ಸು ತಿರುಗುವಷ್ಟು ರಸ್ತೆ ಇಲ್ಲ ಎಂದು ಎಂಜಿನಿಯರ್ ಕೊಟ್ಟ ಒಂದು ಸಾಲಿನ ಕೆಳಗೆ ನಮ್ಮ ಆಕ್ಷೇಪಣೆ ಮಲಗಿತು. ಅಂತಿಮ ಘೋಷಣೆ ಬಂತು. ಆಗ ಎದುರುಮನೆಯ ಬೇಕರಿಯವನು ಮಾವನ ಹತ್ತಿರ ಓಡಿಬಂದ. “ಮಾವ, ನಮ್ಮನೇನ ನನ್ನ ಭಾವಮೈದನಿಗೆ ಮಾರಿದ ಹಾಗೆ ಒಂದು ಪತ್ರ ಬರೀರಿ. ಬೆಲೆ ಮಾತ್ರ ಆಕಾಶಕ್ಕೆ ಹಾಕಿ!”

“ಆಕಾಶಕ್ಕೆ ಹಾಕಿದ್ರೂ ಕೆಳಗೆ ಬೀಳತ್ತೆ ಕಣಯ್ಯ. ಅಧಿಸೂಚನೆ ಆದ್ಮೇಲೆ ಮಾಡಿದ ಪತ್ರ ಲೆಕ್ಕಕ್ಕಿಲ್ಲ. ಅದಕ್ಕೆ ಮುಂಚಿನ ಮೂರು ವರ್ಷದಲ್ಲಿ ಆಸುಪಾಸಿನಲ್ಲಿ ಆದ ಪತ್ರಗಳನ್ನ…”

ಮಾವ ಅಲ್ಲಿಗೇ ನಿಂತ. ನಾನು ಅವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ, ಪಕ್ಕದಲ್ಲೇ ಇದ್ದೆ. ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ಅರ್ಥವಾದ ಮುಖ ಅದು. ಬೇಕರಿಯವನಿಗೆ ಏನೂ ತಿಳಿಯಲಿಲ್ಲ, ಗೊಣಗುತ್ತಾ ಹೋದ. ಮಾವ ಡಬ್ಬಿ ಬಿಚ್ಚಲಿಲ್ಲ.

ಅವನು ಹೆದರಿದ್ದೇ ಆಯಿತು. ಪರಿಹಾರ ಇಷ್ಟೆಂದು ಗೊತ್ತು ಮಾಡಿದ ಐತೀರ್ಪಿನಲ್ಲಿ ಲೆಕ್ಕವನ್ನು ನೀಟಾಗಿ ತೋರಿಸಿದ್ದರು. ಬೀದಿಯ ಮಾರ್ಗಸೂಚಿ ದರ ಒಂದು ಕಡೆ. ಇನ್ನೊಂದು ಕಡೆ ಹಿಂದಿನ ಮೂರು ವರ್ಷದ ನೋಂದಾಯಿತ ಕ್ರಯಪತ್ರಗಳು. ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧವನ್ನು ಆರಿಸಿ ತೆಗೆದ ಸರಾಸರಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದು ಮಾರುಕಟ್ಟೆ ಬೆಲೆ. ಎಲ್ಲವೂ ನ್ಯಾಯವಾಗಿಯೇ ಇತ್ತು, ಹಾಳಾದ್ದು! ಪತ್ರಗಳಲ್ಲಿದ್ದದ್ದು ಮಾವ ಬರೆದ ಬೆಲೆ, ಅಂದರೆ ದರಕ್ಕಿಂತ ಒಂದಿಷ್ಟು ಮೇಲೆ. ದರ ಏರದೆ ಕೂತದ್ದೂ ಆ ಪತ್ರಗಳನ್ನೇ ನೋಡಿಕೊಂಡು. ಬಲವಂತಕ್ಕೆಂದು ಸೇರಿಸಿದ್ದೂ ಕಡಿಮೆ ಬೆಲೆಯ ಮೇಲೇ ಕೂತಿತು. ಎಲ್ಲ ಕೂಡಿದರೂ ನಿಲ್ದಾಣದ ಹತ್ತಿರ ಒಂದು ಕೋಣೆಗೂ ಸಾಲದು.

ಚೆಕ್ ತೆಗೆದುಕೊಳ್ಳುವ ದಿನ ಮಾವ ಅಮ್ಮನ ಪಕ್ಕದಲ್ಲೇ ನಿಂತು, ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ಬರೆಸಿದ. ಹಾಗೆ ಬರೆಯದೆ ಸಹಿ ಹಾಕಿದ್ದರೆ ನ್ಯಾಯಾಲಯದಲ್ಲಿ ಹೆಚ್ಚಿಗೆ ಕೇಳುವ ದಾರಿಯೂ ಮುಚ್ಚುತ್ತಿತ್ತು. ಮನೆ ಬಿಟ್ಟುಕೊಟ್ಟೆವು. ಊರಾಚೆ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಅಮ್ಮ ಯಂತ್ರವನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ದಿನವಿಡೀ ರಸ್ತೆ ನೋಡುತ್ತಿದ್ದಳು. ರಸ್ತೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಬೆಲೆ ಹೆಚ್ಚಿಸಿ ಎಂಬ ಅರ್ಜಿ ನ್ಯಾಯಾಲಯಕ್ಕೆ ಹೋಯಿತು. ನಮ್ಮ ವಕೀಲೆ ಖಡಕ್ ಹೆಂಗಸು, ಸುತ್ತಿಬಳಸಿ ಮಾತಾಡುವ ಜಾಯಮಾನ ಅವಳದಲ್ಲ.

“ಹೆಚ್ಚಿನ ಬೆಲೆಯ ಒಂದೇ ಒಂದು ಪತ್ರ ತನ್ನಿ, ಸಾಕು. ಇಲ್ಲಾಂದ್ರೆ ನಿಜವಾಗಿ ಎಷ್ಟು ಕೊಟ್ಟು ಕೊಂಡ್ರು ಅಂತ ಕೊಂಡವರೇ ಬಂದು ಹೇಳಲಿ.”

ಪತ್ರ ಇರಲಿಲ್ಲ, ಇದ್ದಿದ್ದರೆ ಮಾವನೇ ಬರೆದಿರಬೇಕಿತ್ತು. ಕೊಂಡವರ ಮನೆಮನೆಗೆ ಅವನು ಅಲೆದ. ಎಲ್ಲರೂ ಕಾಫಿ ಕೊಟ್ಟರು, ಅಯ್ಯೋ ಎಂದರು. ಸಾಕ್ಷಿ ಹೇಳಿದರೆ ತಪ್ಪಿಸಿದ ಶುಲ್ಕವನ್ನು ದಂಡದ ಸಮೇತ ಕಟ್ಟಬೇಕು, ಜೊತೆಗೆ ಆ ನಗದು ಎಲ್ಲಿಂದ ಬಂತು ಎಂದು ಇನ್ನೊಂದು ಇಲಾಖೆ ಕೇಳುತ್ತದೆ. “ನೀವು ಹೇಳಿದ ಹಾಗೇ ಬರೆಸಿದ್ವಲ್ಲ ಮಾವ, ಈಗ ನೀವೇ ಸಿಗಿಸ್ತೀರಾ?” ಎಂದ ಬೇಕರಿಯವನು. ಅವನಿಗೂ ಕಡಿಮೆಯೇ ಸಿಕ್ಕಿತ್ತು, ಆದರೆ ಬಾಯಿಗೆ ಬೀಗ.

“ಹಾಗಾದ್ರೆ ನಾನೇ ಹೇಳ್ತೀನಿ” ಎಂದ ಮಾವ.

ವಕೀಲೆ ಪೆನ್ನು ಕೆಳಗಿಟ್ಟಳು. “ಹೇಳಿದ್ರೆ ನಿಮ್ಮ ಪರವಾನಗಿ ಉಳಿಯಲ್ಲ. ಬೆಲೆ ಏರತ್ತೆ ಅಂತಾನೂ ನಾನು ಮಾತು ಕೊಡಲ್ಲ.”

“ಪರವಾನಗಿ ಇಟ್ಕೊಂಡು ಯಾರಿಗೆ ಉಳಿಸ್ಲಮ್ಮ ಇನ್ನು?”

ನ್ಯಾಯಾಲಯದ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ನಾನೂ ಅಮ್ಮನೂ ಹಿಂದಿನ ಬೆಂಚಿನಲ್ಲಿ. ಸಾಕ್ಷಿಕಟ್ಟೆಯಲ್ಲಿ ಮಾವ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತು, ನಮ್ಮ ವಕೀಲೆ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ. ಯಾವ ಮನೆಗೆ ಎಷ್ಟು ಬರೆದೆ, ನಿಜಕ್ಕೂ ಎಷ್ಟು ಕೈಬದಲಾಯಿತು, ಎಲ್ಲ. ಆಮೇಲೆ ಸರ್ಕಾರಿ ವಕೀಲರು ಎದ್ದರು. ಒಂದು ಪತ್ರ ತೋರಿಸಿದರು.

“ಇದು ನೀವೇ ಬರೆದಿದ್ದಲ್ವಾ?”

“ಹೌದು ಸ್ವಾಮಿ.”

“ಇದರಲ್ಲಿರೋ ಬೆಲೆ ಸುಳ್ಳು ಅಂತ ಬರೆಯೋವಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಅಂದ್ರೆ ನೀವು ಗೊತ್ತಿದ್ದೂ ಸುಳ್ಳು ಬರೆಯೋರು.”

ಮಾವ ಕತ್ತು ತಗ್ಗಿಸಿದ. “ಹೌದು.”

“ಇವತ್ತು ನಿಮ್ಮ ತಂಗಿಗೆ ದುಡ್ಡು ಬರತ್ತೆ ಅಂದಾಗ ಮಾತ್ರ ನಿಜ ಹೇಳ್ತಿದೀರಾ?”

ನನ್ನ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದೇ ಸಂಕಟ. ಮಾವ ನ್ಯಾಯಾಧೀಶರ ಕಡೆ ತಿರುಗಿ ಕೈಮುಗಿದ. “ಸ್ವಾಮಿ, ನನ್ನ ನಂಬಬೇಡಿ. ಆ ಬೀದೀಲಿ ಯಾರನ್ನಾದ್ರೂ ಕೇಳಿ.”

ಕೇಳುವುದಕ್ಕೆ ಬೀದಿಯೇ ಇರಲಿಲ್ಲ. ಜನ ದಿಕ್ಕುದಿಕ್ಕಿಗೆ ಹೋಗಿದ್ದರು.

ತೀರ್ಪು ಚಿಕ್ಕದು. ನೋಂದಾಯಿತ ದಸ್ತಾವೇಜುಗಳ ಮುಂದೆ, ಕೊಂಡವರಾರೂ ಸಾಕ್ಷಿ ಹೇಳದಿರುವಾಗ, ತಾನೇ ಸುಳ್ಳು ಬರೆದೆನೆಂದು ಒಪ್ಪಿಕೊಂಡವನ ಬಾಯಿಮಾತನ್ನು ನೆಚ್ಚಲಾಗದು. ಮನೆ ಮುಖ್ಯರಸ್ತೆಯ ಮೂಲೆಯಲ್ಲಿದ್ದುದರಿಂದ ಚೂರು ಹೆಚ್ಚಿಸಿದರು. ವಕೀಲೆಯ ಶುಲ್ಕ ಕಳೆದರೆ ಅದು ಒಂದಷ್ಟು ತಿಂಗಳ ಬಾಡಿಗೆ. ಮಾವನ ಹೇಳಿಕೆಯ ಪ್ರತಿಯನ್ನು ನೋಂದಣಿ ಇಲಾಖೆಗೆ ಕಳಿಸಬೇಕೆಂದು ಕೊನೆಯ ಸಾಲಿನಲ್ಲಿತ್ತು. ಮೇಲ್ಮನವಿ ಹಾಕಬಹುದು ಎಂದಳು ವಕೀಲೆ. ಅಲ್ಲಿ ಇಡಲು ಹೊಸ ಸಾಕ್ಷಿ ಇರಲಿಲ್ಲ, ನಾವು ಹಾಕಲಿಲ್ಲ.

ಪರವಾನಗಿ ರದ್ದಾದ ಮೇಲೆ ಮಾವ ಮೇಜನ್ನು ಜೆರಾಕ್ಸ್ ಅಂಗಡಿಯವನಿಗೆ ಬಿಟ್ಟು, ಸಂಜೆ ನಮ್ಮ ಕೋಣೆಗೆ ಬಂದ. ಚಾಪೆಯ ತುದಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ, ಎದ್ದುಹೋಗಲು ತಯಾರಾಗಿರುವವನ ಹಾಗೆ ಕೂತ. ಅಮ್ಮ ಯಂತ್ರದ ಮುಂದೆ ಇದ್ದಳು. ಹೊಲಿಯಲು ಏನೂ ಇರಲಿಲ್ಲ, ನನ್ನದೇ ಹಳೆಯ ಕುಪ್ಪಸದ ಹೊಲಿಗೆ ಬಿಚ್ಚುತ್ತಿದ್ದಳು.

“ಒಂದು ಸಲ ಬೈದುಬಿಡು ಪುಟ್ಟಿ” ಎಂದ ಮಾವ ಅಮ್ಮನಿಗೆ. “ಪರಿಹಾರದ ಲೆಕ್ಕ ಬಂದಾಗಿಂದ ಕಾಯ್ತಾ ಇದೀನಿ. ನಿನ್ನ ಮನೆ ಬೆಲೇನ ನಾನೇ ಅಲ್ವಾ ಇಳಿಸಿದ್ದು? ನೀನು ಬೈದ್ರೆ ನನಗೂ ನಿದ್ದೆ ಬರತ್ತೆ.”

ಅಮ್ಮ ಕತ್ತರಿ ಕೆಳಗಿಡಲಿಲ್ಲ. ಬೈಯಲಿ ಎಂದು ನಾನೂ ಆಸೆಪಟ್ಟೆ. ನನ್ನ ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇತ್ತು, ಯಾರ ಮೇಲೆ ಸುರಿಯಬೇಕೋ ತಿಳಿಯುತ್ತಿರಲಿಲ್ಲ. ಅಧಿಕಾರಿಯ ಮೇಲಾ? ನೀರು ಕೊಡಿಸಿದವನು. ಬೇಕರಿಯವನ ಮೇಲಾ? ಅವನಿಗೂ ಮಕ್ಕಳಿದ್ದವು.

“ಮನೆ ಹೋಯ್ತು, ಗಿರಾಕಿ ಹೋದ್ರು” ಎಂದಳು ಅಮ್ಮ ತಲೆ ಎತ್ತದೆ. “ಈಗ ಬೈದು ನಿನ್ನನ್ನೂ ಕಳ್ಕೊಳ್ಳಲಾ ಅಣ್ಣಾ? ನನಗೆ ಇನ್ಯಾರಿದ್ದಾರೆ?”

ಮಾವ ಬಿಕ್ಕಿಬಿಕ್ಕಿ ಅಳತೊಡಗಿದ. ಅಮ್ಮ ಎದ್ದು ಅವನಿಗೂ ಸೇರಿಸಿ ಅನ್ನಕ್ಕಿಟ್ಟಳು.