ಒಂದೇ ಉಸಿರಿನ ಇಂಗ್ಲಿಷ್

ಇಂಗ್ಲಿಷ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲ್ಲೂಕು ಕಚೇರಿಯಲ್ಲಿ ಯಾರೂ ಇರಲಿಲ್ಲ. ಜಂಬದ ಮಾತೇ, ಆದರೆ ನಿಜ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳಲ್ಲೇ ಸುತ್ತಿ ಸುತ್ತಿ ನೌಕರಿ ಸವೆಸಿದವನು ನಾನು. ಈಗ ಹೇಳುವ ಸಂಗತಿ ಅದರಲ್ಲಿ ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ಆಗಿನ ಅಮಲ್ದಾರರ ಮಕ್ಕಳು ಇನ್ನೂ ಆ ಕಡೆಯೇ ಇದ್ದಾರೆ, ಮದುವೆ ಮನೆಗಳಲ್ಲಿ ಸಿಗುತ್ತಾರೆ.

ನಾನು ಆಗ ಹಂಗಾಮಿ ಶಿರಸ್ತೇದಾರ. ಅಮಲ್ದಾರರ ಕೈಕೆಳಗೆ ಕಚೇರಿಯ ಕಾಗದಪತ್ರಗಳನ್ನೆಲ್ಲ ನೋಡಿಕೊಳ್ಳುವ ಕೆಲಸ. 'ವಿತ್ ರೆಫರೆನ್ಸ್ ಟು' ಎಂದು ನಾನು ಒಂದು ವಾಕ್ಯ ಶುರುಮಾಡಿದರೆ ಪೂರ್ಣವಿರಾಮ ಬರುವ ಹೊತ್ತಿಗೆ ಹಾಳೆ ಮಗುಚಬೇಕಾಗುತ್ತಿತ್ತು. ಇಂಗ್ಲಿಷ್ ಪೇಪರನ್ನು ಜಾಹೀರಾತು ಸಮೇತ ಓದುತ್ತಿದ್ದೆ. ಯಾರು ಎಷ್ಟು ವೇಗವಾಗಿ ಮಾತಾಡಿದರೂ ಅರ್ಥವಾಗುತ್ತಿತ್ತು. ಬಾಯಿ ತೆರೆಯುವುದೊಂದೇ ಆಗುತ್ತಿರಲಿಲ್ಲ. ನಲವತ್ತು ದಾಟುವವರೆಗೂ ಅದರ ಅಗತ್ಯವೂ ಬಿದ್ದಿರಲಿಲ್ಲ. ಮೇಲಧಿಕಾರಿಗಳೆಲ್ಲ ನಮ್ಮವರೇ. ಇಂಗ್ಲಿಷಿನಲ್ಲಿ ಬೈಯಲು ಶುರುಮಾಡಿದರೂ ಕನ್ನಡದಲ್ಲಿ ಮುಗಿಸುತ್ತಿದ್ದರು.

ಆಗ ಬಂದರು ಹೊಸ ಅಸಿಸ್ಟೆಂಟ್ ಕಮಿಷನರ್. ಉತ್ತರದ ಕಡೆಯ ಹುಡುಗ, ಮೀಸೆ ಇನ್ನೂ ನೆಟ್ಟಗೆ ಬಂದಿರಲಿಲ್ಲ. ಕನ್ನಡದ ಒಂದಕ್ಷರವೂ ತಿಳಿಯದು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಜೀಪಿನಲ್ಲಿ ಬಂದಿಳಿದು, ಕಿಟಕಿಯಿಂದ ಆಚೆ ಕಾಣುತ್ತಿದ್ದ ಊರ ಕೆರೆಯ ಏರಿಯನ್ನು ನೋಡಿ, ನನ್ನ ಕಡೆ ತಿರುಗಿ, "ಈಸ್ ದಿ ಟ್ಯಾಂಕ್ ಫುಲ್?" ಎಂದು ಕೇಳಿದರು. ಕೆರೆ ತುಂಬಿದೆಯೇ ಎಂಬುದಷ್ಟೇ ಪ್ರಶ್ನೆ. ಮೂರು ವರ್ಷದ ಮಗುವೂ ಹೌದು ಅಥವಾ ಇಲ್ಲ ಎನ್ನುತ್ತದೆ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆದರೆ ಕೈ ಸುಮ್ಮನಿರಲಿಲ್ಲ. ಇಷ್ಟು ವರ್ಷದ ಅಭ್ಯಾಸ ನೋಡಿ, ಅದು ತಾನಾಗಿಯೇ ಒಂದು ಚೀಟಿ ಎಳೆದುಕೊಂಡು, ಕೆರೆ ಮುಕ್ಕಾಲು ಪಾಲು ತುಂಬಿದೆಯೆಂದೂ ಈ ಸಂಗತಿಯನ್ನು ತಮ್ಮ ದಯಾಪೂರ್ವಕ ಅವಗಾಹನೆಗೆ ಸಲ್ಲಿಸಲಾಗಿದೆಯೆಂದೂ ಚೊಕ್ಕವಾದ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಎದುರಿಗೇ ನಿಂತಿದ್ದ ಸಾಹೇಬರಿಗೆ ಕೊಟ್ಟಿತು.

ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಮರುಕದಿಂದ ತಮ್ಮ ಕುತ್ತಿಗೆ ಮುಟ್ಟಿಕೊಂಡು, "ಥ್ರೋಟ್ ಟ್ರಬಲ್?" ಎಂದರು. ನಾನು ತಲೆಯಾಡಿಸಿಬಿಟ್ಟೆ. ಅವರು ಹೋದ ಮೇಲೆ ಅಮಲ್ದಾರರು ನನ್ನನ್ನು ಕರೆಸಿದರು. ಅವರ ಇಂಗ್ಲಿಷ್ ಮಾತೂ ನನ್ನಷ್ಟೇ. ಆದರೆ ನಗುತ್ತಾ 'ಎಸ್ ಸರ್' ಎಂದು ಒಂದು ಗಂಟೆ ತಳ್ಳುವ ಕಲೆ ಅವರಿಗಿತ್ತು.

"ಬರೋ ತಿಂಗಳು ಜಮಾಬಂದಿ. ಒಂದೊಂದು ಫೈಲೂ ಶಿರಸ್ತೇದಾರ್ರೇ ನಿಂತು ಬಾಯಲ್ಲಿ ಹೇಳ್ಬೇಕು ಅಂತ ಸಾಹೇಬ್ರು ಹೇಳಿದಾರೆ. ಅಷ್ಟೊತ್ತಿಗೆ ನಿಮ್ಮ ಗಂಟ್ಲು ಸರಿಹೋಗ್ಲಿಲ್ಲ ಅಂದ್ರೆ ಮುಳಬಾಗಿಲಿಂದ ಬೇರೆಯವ್ರನ್ನ ಕರೆಸ್ಕೋತೀನಿ. ಅವರ ಜಾಗಕ್ಕೆ ನೀವು ಹೋಗೋರಂತೆ, ಮತ್ತೆ ಗುಮಾಸ್ತರಾಗಿ" ಎಂದರು.

ಜಮಾಬಂದಿ ಎಂದರೆ ವರ್ಷಕ್ಕೊಮ್ಮೆ ಮೇಲಧಿಕಾರಿ ಬಂದು ಕೂತು ಹಳ್ಳಿ ಹಳ್ಳಿಯ ದಫ್ತರವನ್ನು ಜಾಲಾಡುವ ದಿನ. ಶಾನುಭೋಗರು, ಪಟೇಲರು, ಅರ್ಜಿ ಕೊಟ್ಟ ರೈತರು, ಎಲ್ಲರೂ ಸೇರಿರುತ್ತಾರೆ. ಅಷ್ಟು ಜನರ ಮುಂದೆ ಮೂಕನಾಗಿ ನಿಂತು, ಹದಿನೆಂಟು ವರ್ಷ ಗೇದು ಏರಿದ ಮೆಟ್ಟಿಲನ್ನು ಇಳಿಯಬೇಕೆಂದರೆ ನನಗೆ ಅನ್ನ ಸೇರಲಿಲ್ಲ.

ಮನೆಯಲ್ಲಿ ಅಭ್ಯಾಸ ಶುರುಮಾಡಿದೆ. ಕೋಣೆಯ ಬಾಗಿಲು ಹಾಕಿಕೊಂಡು, ಕ್ಷೌರದ ಕನ್ನಡಿ ಮುಂದೆ ನಿಂತು, ಒಂದು ಹಳೆಯ ಪತ್ರವನ್ನು ಬಾಯಿಪಾಠ ಒಪ್ಪಿಸಿದೆ. ಕನ್ನಡಿಯಲ್ಲಿ ಕಂಡ ಮನುಷ್ಯ ನನಗೇ ಇಷ್ಟವಾಗಲಿಲ್ಲ. ಅರ್ಧ ವಾಕ್ಯಕ್ಕೆ ಉಸಿರು ನಿಂತು, ಮತ್ತೆ ಮೊದಲಿಂದ ಶುರುಮಾಡುತ್ತಿದ್ದೆ. ಮೂರನೆಯ ದಿನ ಹೆಂಡತಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಏಮಂಡಿ, ಯಾರ ಹತ್ರ ಜಗಳ ಆಡ್ತಿದ್ದೀರಿ?" ಎಂದಳು.

ಅವಳು ಹಿಂದೂಪುರದ ಆಚೆಯ ತೆಲುಗಿನವಳು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಕನ್ನಡ ಗೊತ್ತಿರಲಿಲ್ಲ. ಈಗ ಇಡೀ ಬೀದಿಯನ್ನೇ ಕನ್ನಡದಲ್ಲಿ ದಬಾಯಿಸುತ್ತಿದ್ದಳು. ಸಿಟ್ಟಿನಲ್ಲೇ ನನ್ನ ಪಾಡು ಹೇಳಿಕೊಂಡೆ. ಕೇಳಿ ಕೂತಲ್ಲೇ ನಕ್ಕಳು, ಚೀಟಿಯ ಭಾಗವನ್ನು ಇನ್ನೊಂದು ಸಲ ಹೇಳಿಸಿಕೊಂಡು ಮತ್ತೂ ನಕ್ಕಳು. ಆಮೇಲೆ ಹೇಳಿದಳು:

"ನನಗೂ ಹಿಂಗೇ ಆಗಿತ್ತು. ಆರು ತಿಂಗಳಿಗೆ ಎಲ್ಲಾ ತಿಳೀತಿತ್ತು, ಬಾಯಿ ತೆರೆದ್ರೆ ನಿಮ್ಮ ಅಕ್ಕಂದಿರು ನಗ್ತಾ ಇದ್ರು. ಅದಕ್ಕೆ ಹಿತ್ತಲಲ್ಲಿ ಹಸು ಹತ್ರ ಕನ್ನಡ ಮಾತಾಡ್ತಿದ್ದೆ. ಮೈ ತೊಳೀತೀನಿ, ಹುಲ್ಲು ಹಾಕ್ತೀನಿ, ಕಾಲು ಎತ್ತು ಅಂತ. ಹಸು ನಗಲಿಲ್ಲ. ಈಗ ನನಗೆ ಇಂಗ್ಲಿಷ್ ಬರಲ್ಲ, ನಿಮ್ಮ ತಪ್ಪು ಯಾವುದೂ ನನಗೆ ಗೊತ್ತಾಗಲ್ಲ. ನನ್ನ ಹತ್ರ ಮಾತಾಡಿ."

ಅವಳಿಗೆ ನಾನು ಹಸುವಿನ ಸ್ಥಾನ ಕೊಡಲಿಲ್ಲ, ಅವಳೇ ತೆಗೆದುಕೊಂಡಳು. ಮರುದಿನದಿಂದ ಕಟ್ಟಳೆಗಳು ಜಾರಿಗೆ ಬಂದವು. ಬೆಳಿಗ್ಗೆ ಎದ್ದು ಏನು ಮಾಡಿದರೂ ಅದನ್ನು ಮಾಡುತ್ತಲೇ ಇಂಗ್ಲಿಷಿನಲ್ಲಿ ಹೇಳಬೇಕು. 'ಐ ಆಮ್ ಫೋಲ್ಡಿಂಗ್ ದಿ ಬೆಡ್' ಎನ್ನುತ್ತಾ ಹಾಸಿಗೆ ಮಡಿಸಿದೆ. 'ದಿ ವಾಟರ್ ಈಸ್ ಕೋಲ್ಡ್' ಎನ್ನುತ್ತಾ ಮುಖ ತೊಳೆದೆ. ಅವಳು ಹಿತ್ತಲಿಂದ, "ಕೇಳಿಸ್ತಿಲ್ಲ!" ಎಂದು ಕೂಗುತ್ತಿದ್ದಳು. ಕಚೇರಿಯಿಂದ ತಂದ ಹಿಂದಿನ ದಿನದ ಪೇಪರನ್ನು ಕಾಲು ಗಂಟೆ ಗಟ್ಟಿಯಾಗಿ ಓದಬೇಕು, ನಾಲಿಗೆ ಸಡಿಲವಾಗಲಿಕ್ಕೆ. ಸಂಜೆ ದೀಪ ಹಚ್ಚಿದ ಮೇಲೆ ಊಟ ಮುಗಿಯುವವರೆಗೆ ಅವಳು ಕನ್ನಡದಲ್ಲಿ ಕೇಳುತ್ತಾಳೆ, ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡಬೇಕು.

ಮೊದಲ ಸಂಜೆ ಉಪ್ಪಿನಕಾಯಿ ಬೇಕಾಯಿತು. ಸಾಧ್ಯವಾದಷ್ಟು ಬೇಗನೆ ಉಪ್ಪಿನಕಾಯಿ ಸರಬರಾಜಿಗೆ ಸೂಕ್ತ ಏರ್ಪಾಡು ಮಾಡಬೇಕಾಗಿ ಕೋರಲಾಗಿದೆ ಎಂದು ಇಂಗ್ಲಿಷಿನಲ್ಲಿ ಬಿನ್ನಹ ಮಾಡಿಕೊಂಡೆ. ಹೇಳಿ ಮುಗಿಸುವಷ್ಟರಲ್ಲಿ ಮೊಸರನ್ನವೇ ಮುಗಿದಿತ್ತು.

"ಇಷ್ಟುದ್ದ ಯಾಕೆ? ಉಪ್ಪಿನಕಾಯಿ ಹಾಕು ಅಂತ ದಿನಾ ಒಂದೇ ಉಸಿರಲ್ಲಿ ಹೇಳಲ್ವಾ? ಇನ್ಮೇಲೆ ಒಂದು ಉಸಿರಿಗೆ ಒಂದೇ ಮಾತು. ಮಿಕ್ಕಿದ್ರೆ ಎರಡು ಮಾಡಿ" ಎಂದಳು.

ನನಗೆ ಕೆಟ್ಟ ಕೋಪ ಬಂತು. ನನ್ನ ಉದ್ದನೆಯ ವಾಕ್ಯಗಳೇ ನನ್ನ ಹೆಸರು ಉಳಿಸಿದ್ದವು. ಆದರೆ 'ಗಿವ್ ಮಿ ಪಿಕಲ್' ಎಂದ ತಕ್ಷಣ ಅವಳು ನನ್ನ ಕಣ್ಣು ಭರಣಿಯ ಕಡೆ ಹೋದದ್ದನ್ನು ನೋಡಿ ಉಪ್ಪಿನಕಾಯಿ ಹಾಕಿದಳು, ಮತ್ತೆ ಕೋಪ ಎಲ್ಲಿ ಉಳಿಯುತ್ತದೆ?

ಇನ್ನೊಂದು ಕಟ್ಟಳೆ ಹುಣಿಸೆಬೀಜದ್ದು. ಕಚೇರಿಯಲ್ಲಿ ಆ ದಿನ ನಡೆದ ಒಂದು ಸಂಗತಿಯನ್ನು ನಾನು ಮೂರು ಸಲ ಹೇಳಬೇಕು. ಅವಳು ಅಕ್ಕಿ ಆರಿಸುವಾಗ ಒಮ್ಮೆ, ಸಾರು ಕುದಿಸುವಾಗ ಒಮ್ಮೆ, ಎಲೆ ಹಾಕುವಾಗ ಒಮ್ಮೆ. ನಾನು ತಡವರಿಸಿ ನಿಂತಾಗಲೆಲ್ಲ ಅವಳು ತಟ್ಟೆಗೆ ಒಂದು ಬೀಜ ಟಣ್ಣೆಂದು ಹಾಕುತ್ತಿದ್ದಳು. ತಪ್ಪಿಗೆ ಬೀಜವಿಲ್ಲ, ಅದು ಅವಳಿಗೆ ಗೊತ್ತಾಗುತ್ತಲೇ ಇರಲಿಲ್ಲ, ನಿಂತದ್ದಕ್ಕೆ ಮಾತ್ರ. ತಪ್ಪಾಯಿತೆಂದು ಹಿಂದಕ್ಕೆ ಹೋಗಿ ತಿದ್ದಿದರೂ ಬೀಜ ಬೀಳುತ್ತಿತ್ತು. ಮೊದಲ ದಿನ ತಟ್ಟೆ ತುಂಬಿತು. ಒಂದೇ ಕತೆಯನ್ನು ಮೂರನೆಯ ಸಲ ಹೇಳುವಾಗ ಮಾತ್ರ ಬೀಜಗಳು ಅರ್ಧಕ್ಕರ್ಧ ಕಡಿಮೆಯಾದವು. ಅದು ನನಗೇ ಆಶ್ಚರ್ಯ.

ಪದ ಸಿಗದಿದ್ದರೆ ಸುತ್ತಿಬಳಸಿಯಾದರೂ ಮುಂದೆ ಹೋಗಬೇಕು. ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನೆನ್ನುವುದೋ ಹೊಳೆಯದೆ, 'ಮಸ್ಟರ್ಡ್ ಈಸ್ ಜಂಪಿಂಗ್ ಇನ್ ಹಾಟ್ ಆಯಿಲ್' ಎಂದೆ. ಕಾದ ಎಣ್ಣೆಯಲ್ಲಿ ಸಾಸಿವೆ ಕುಣಿಯುತ್ತಿದೆ! ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ವಾಕ್ಯವನ್ನು ಯಾವ ಫೈಲಿನಲ್ಲೂ ಬರೆದಿರಲಿಲ್ಲ. ನಾಲ್ಕನೆಯ ವಾರಕ್ಕೆ ಮೂರೋ ನಾಲ್ಕೋ ಬೀಜಕ್ಕೆ ಇಳಿದಿದ್ದೆ. ಪಕ್ಕದ ಮನೆಯವರು ಮಾತ್ರ, ರಾಯರಿಗೆ ಬಡ್ತಿಯ ಚಿಂತೆಯಲ್ಲಿ ತಲೆ ಕೆಟ್ಟಿದೆ ಎಂದು ಬಾವಿಕಟ್ಟೆಯಲ್ಲಿ ತೀರ್ಮಾನ ಮಾಡಿದ್ದರು.

ಜಮಾಬಂದಿಯ ದಿನ ಬಂತು. ಸಾಹೇಬರು ಕೂತರು. ಪಕ್ಕದಲ್ಲಿ ಅಮಲ್ದಾರರು ನಗುತ್ತಾ ಕೂತರು. ಮೊದಲ ಎರಡು ಫೈಲುಗಳನ್ನು ಎಲ್ಲೂ ತಡವರಿಸದೆ ಹೇಳಿದೆ. ಚಿಕ್ಕ ಚಿಕ್ಕ ಮಾತುಗಳು, ಒಂದರ ಹಿಂದೆ ಒಂದು. ಸಾಹೇಬರು ತಲೆದೂಗುತ್ತಾ ಬರೆದುಕೊಂಡರು. ಮುಳಬಾಗಿಲು ನನ್ನಿಂದ ದೂರ ದೂರ ಸರಿಯುತ್ತಿತ್ತು.

ಮೂರನೆಯದು ಒಂದು ಹಳ್ಳಿಯ ಕೆರೆಯ ತೂಬಿನ ಫೈಲು. ತೂಬು ಒಡೆದು ನೀರು ಸೋರಿ ಹೋಗುತ್ತಿದೆ ಎಂದು ರೈತರು ಕೊಟ್ಟ ಅರ್ಜಿ ಮೂರು ವರ್ಷದಿಂದ ಕೂತಿತ್ತು. ಯಾಕೆ ತಡ ಎಂದು ಸಾಹೇಬರು ಕೇಳಿದರು. ಇಂಥದ್ದಕ್ಕೆ ಉತ್ತರ ನನ್ನ ಬೆರಳ ತುದಿಯಲ್ಲೇ ಇತ್ತು: ವಿಷಯವು ಈ ಕಚೇರಿಯ ಸಕ್ರಿಯ ಪರಿಶೀಲನೆಯಲ್ಲಿದ್ದು ಸಂಬಂಧಪಟ್ಟವರಿಂದ ವರದಿಯನ್ನು ನಿರೀಕ್ಷಿಸಲಾಗುತ್ತಿದೆ ಇತ್ಯಾದಿ. ಹೇಳಲು ಹೊರಟೆ. ಒಂದು ಉಸಿರಿಗೆ ಹಿಡಿಯಲಿಲ್ಲ. ಎರಡು ಮಾಡಲು ನೋಡಿದೆ. ತುಂಡು ಮಾಡಿದರೆ ಅದರೊಳಗೆ ಏನೂ ಇರಲಿಲ್ಲ. ಅಷ್ಟರಲ್ಲಿ ಬಾಯಿ, ತಿಂಗಳ ಅಭ್ಯಾಸದಂತೆ, ನಿಲ್ಲದೆ ಮುಂದೆ ಹೋಗಿಬಿಟ್ಟಿತು.

"ಸರ್, ದಿ ವಿಲೇಜರ್ಸ್ ಕೇಮ್. ವಿ ರೋಟ್ ಸಿಕ್ಸ್ ಲೆಟರ್ಸ್. ನೋಬಡಿ ವೆಂಟ್ ಟು ಸೀ. ಆಲ್ ದಿ ವಾಟರ್ ವೆಂಟ್."

ಹಳ್ಳಿಯವರು ಬಂದರು, ನಾವು ಆರು ಕಾಗದ ಬರೆದೆವು, ನೋಡಲು ಯಾರೂ ಹೋಗಲಿಲ್ಲ, ನೀರೆಲ್ಲ ಹೋಯಿತು. ಇಷ್ಟೇ. ಅಮಲ್ದಾರರ ನಗು ಮುಖದ ಮೇಲೆಯೇ ಒಣಗಿತು. ಆ ಆರು ಕಾಗದಗಳೂ ನಾನೇ ಬರೆದವು, ಒಂದಕ್ಕಿಂತ ಒಂದು ಚೆನ್ನಾಗಿ. ಸಾಹೇಬರು ಪೆನ್ನು ಮುಚ್ಚಿ ಎದ್ದು, ನನ್ನನ್ನೂ ಅಮಲ್ದಾರರನ್ನೂ ಜೀಪು ಹತ್ತಿಸಿಕೊಂಡು ನೇರ ಆ ಕೆರೆಗೆ ಹೋದರು. ಮಳೆಗಾಲಕ್ಕೆ ಮುಂಚೆಯೇ ತೂಬು ರಿಪೇರಿಯಾಯಿತು. ನನ್ನ ಹಂಗಾಮಿ ಹೋಗಿ ಕಾಯಂ ಆಯಿತು. ಅಮಲ್ದಾರರು ನನ್ನೊಡನೆ ಒಂದು ವರ್ಷ ಕಾಗದದ ಮೂಲಕ ಮಾತ್ರ ವ್ಯವಹರಿಸಿದರು.

ಜಮಾಬಂದಿಯ ದಿನ ಸಂಜೆಯೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಈ ಸಲ ಕನ್ನಡದಲ್ಲಿ, ಸ್ವಲ್ಪ ಮೀಸೆ ತಿರುವಿಕೊಂಡೇ. ಅವಳು ನಗುತ್ತಾ ಕೇಳುತ್ತಿದ್ದವಳು ತೂಬಿನ ಮಾತು ಬಂದಾಗ ನಗು ನಿಲ್ಲಿಸಿದಳು.

"ಏಮಂಡಿ, ಆ ಊರಿನೋರು ನಮ್ಮ ಜಗಲಿ ಮೇಲೂ ಎಷ್ಟು ಸಲ ಬಂದು ಕೂತಿದ್ರು. ನಾನೇ ಮಜ್ಜಿಗೆ ಕೊಟ್ಟಿದೀನಿ. ಅವರಿಗೆ ಕನ್ನಡ ಬರ್ತಿತ್ತಲ್ಲ, ಯಾರೂ ನೋಡೋಕೆ ಹೋಗಿಲ್ಲ ಅಂತ ಅವರಿಗ್ಯಾಕೆ ಹೇಳ್ಲಿಲ್ಲ?" ಎಂದಳು.

ನಾಚಿಕೆಯಾಯಿತು, ಆ ಕೆರೆಯ ಏರಿಯ ಮೇಲೆ ಸಾಹೇಬರ ಪಕ್ಕ ನಿಂತು ಬತ್ತಿದ ತಳ ನೋಡಿದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ. ಮಾರನೆಯ ದಿನ ಕಚೇರಿ ತೆರೆದ ಕೂಡಲೇ ಒಬ್ಬ ಮುದುಕ ನನ್ನ ಮೇಜಿನ ಮುಂದೆ ಬಂದು ಕೈಮುಗಿದು, ತನ್ನ ಅರ್ಜಿ ಏನಾಯಿತೆಂದು ಕೇಳಿದ. ಪರಿಶೀಲನೆಯಲ್ಲಿದೆ ಎಂಬ ಮಾತು ತುಟಿಗೆ ಬಂದಿತ್ತು, ನುಂಗಿಕೊಂಡೆ.

"ನಿನ್ನ ಅರ್ಜಿ ನಾನಿನ್ನೂ ಓದಿಲ್ಲ ಕಣಪ್ಪ" ಎಂದೆ.

ಅವನು ಬೈಯುತ್ತಾನೆಂದುಕೊಂಡೆ. ಅವನು ನಿರಾಳವಾಗಿ, "ಹಂಗಾದ್ರೆ ಈಗ ಓದಿ ಸ್ವಾಮಿ, ನಾನು ಕೂತಿರ್ತೀನಿ" ಎಂದು ಹೆಗಲ ಮೇಲಿನ ಟವೆಲ್ಲು ಹಾಸಿಕೊಂಡು ಅಲ್ಲೇ ಕೂತುಬಿಟ್ಟ.