ಸರದಿ ತಪ್ಪಿದ ಟವರು

ಮೊಬೈಲ್ ಟವರುಗಳ ರಿಪೇರಿ ಕೆಲಸದಲ್ಲಿರುವ ನನಗೆ ಬೈಗುಳ ಹೊಸದಲ್ಲ. ಪುತ್ತೂರಿನಿಂದ ಸುಳ್ಯ, ಕಡಬದವರೆಗೆ ಯಾರ ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಮೊದಲ ಮಂಗಳಾರತಿ ನನಗೇ. ಅದು ನನಗೆ ಬೇಸರವಲ್ಲ, ಬೈಯುವವನ ಕಷ್ಟ ಏನೆಂದು ಗೊತ್ತಿರುತ್ತದೆ. ನನಗೆ ಆಗದಿರುವುದು ಎಲ್ಲ ದೀಪ ಹಸಿರಾಗಿದ್ದೂ ಕೆಲಸ ಮಾಡದ ಯಂತ್ರ. ಅಂಥದ್ದರ ಎದುರು ನಿಂತರೆ ಈಗಲೂ ಬೆನ್ನಿನಲ್ಲಿ ಚಳಿ ಹುಟ್ಟುತ್ತದೆ.

ಕಡಬದಿಂದ ಜೀಪಿನಲ್ಲಿ ಹೋಗಬೇಕಾದ ಒಂದು ಹಳ್ಳಿಯಿಂದ ವಿಚಿತ್ರ ದೂರು ಬರತೊಡಗಿತ್ತು. ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿವೆ, ಆ ಕಡೆಯವರ ಮಾತು ಕೇಳುತ್ತದೆ, ಆದರೆ ನಾವು ಆಡಿದ್ದು ಅವರಿಗೆ ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಕರೆಯೇ ಕಡಿದುಹೋಗುತ್ತದೆ. ಆ ಊರಿನ ಟವರಿನಡಿ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಂ ಹೆಂಗಸು ನನ್ನನ್ನು ಕಂಡೊಡನೆ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದಿದ್ದರು. ಅವರ ಗಂಡ ಗಲ್ಫಿನಲ್ಲಿ. ರಜೆಗೆ ಬರುತ್ತೇನೆಂದವರು ಕೊನೆಗಳಿಗೆಯಲ್ಲಿ ಬರುವುದಿಲ್ಲ ಎಂದಿದ್ದಕ್ಕೆ ಇವರು ಚೆನ್ನಾಗಿ ಜಗಳವಾಡಿ ಫೋನಿಟ್ಟಿದ್ದರು. ಅದರ ಮರುದಿನದಿಂದಲೇ ಈ ಕಾಟ.

"ಅವರು ಹಲೋ ಹಲೋ ಅಂತಾರೆ. ನಾನು ಮಾತಾಡ್ತಾ ಉಂಟು, ಅವರಿಗೆ ಕೇಳುದಿಲ್ಲ. ಸಿಟ್ಟಲ್ಲಿ ಬಾಯಿ ಮುಚ್ಚಿ ಕೂತಿದ್ದಾಳೆ ಅಂತ ತಿಳ್ಕೊಂಡಿದ್ದಾರೆ ಅಣ್ಣಾ."

ಮೆಸೇಜೂ ಹೋಗುತ್ತಿರಲಿಲ್ಲ. ವಾರದೊಳಗೆ ಕಡಬಕ್ಕೆ ಹೋಗುವುದಿದೆ, ಅಲ್ಲಿಂದ ಮಾತಾಡುತ್ತೇನೆ ಎಂದು ಅವರೇ ಸಮಾಧಾನ ಮಾಡಿಕೊಂಡರು. ನಾನು ಟವರಿನ ಎಲ್ಲ ಪೆಟ್ಟಿಗೆ ತೆರೆದು ನೋಡಿದೆ. ಒಂದೂ ಕೆಟ್ಟಿರಲಿಲ್ಲ. ಟವರು ಕೇಳಿಸಿಕೊಳ್ಳುವ ಹೊತ್ತಿನಲ್ಲಿ ಮಾತ್ರ ಎಲ್ಲಿಂದಲೋ ಗದ್ದಲ ಬಂದು ತುಂಬುತ್ತಿತ್ತು. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಆ ಗದ್ದಲ ಒಂದೇ ಲಯದಲ್ಲಿ ಬಂದು ಹೋಗುವುದನ್ನು ನೋಡುತ್ತ ಕೂತಾಗ, ಪಕ್ಕದಲ್ಲಿ ಯಾರೋ ಉಸಿರಾಡುತ್ತಿದ್ದಾರೆ ಅನಿಸಿತು. ನಿಜವಾಗಿ ಹೆದರಿದೆ.

ಅಲ್ಲಿಯ ಟವರುಗಳು ಮಾತಾಡುವುದೂ ಕೇಳುವುದೂ ಒಂದೇ ತರಂಗದಲ್ಲಿ, ಸರದಿಯ ಪ್ರಕಾರ. ಎಲ್ಲ ಟವರುಗಳೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗಿ, ಜನರ ಫೋನುಗಳು ಆಡುವುದನ್ನು ಒಟ್ಟಿಗೆ ಕೇಳಬೇಕು. ಇದಕ್ಕಾಗಿ ಪ್ರತಿ ಟವರಿಗೂ ಒಂದು ಗಡಿಯಾರ. ಅದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಒಂದೂವರೆ ಪಾಲಿಗಿಂತ ಆಚೀಚೆ ಆಗಬಾರದು. ಒಂದು ಟವರು ಬೇಗ ಬಾಯಿ ತೆರೆದರೆ ಸಾಕು, ಇನ್ನೂ ಕೇಳುತ್ತ ಕೂತಿರುವ ನೆರೆಯ ಟವರಿನ ಕಿವಿಗೆ ಅದರ ಅಬ್ಬರವೇ ತುಂಬುತ್ತದೆ. ದೂರದ ಮನೆಯ ಫೋನಿನ ಕ್ಷೀಣ ದನಿ ಅದರಡಿ ಮುಚ್ಚಿಹೋಗುತ್ತದೆ. ತಪ್ಪು ಮಾಡಿದ ಟವರಿಗೆ ಹೆಚ್ಚೇನೂ ಆಗುವುದಿಲ್ಲ, ಅದರ ಕೆಳಗಿನ ಫೋನುಗಳೂ ಅದರ ಗಡಿಯಾರವನ್ನೇ ನಂಬಿ ನಡೆಯುತ್ತವೆ. ಹಾಗಾಗಿ ದೂರು ಬಂದ ಊರಿನಲ್ಲಿ ದೋಷ ಹುಡುಕಿ ಫಲವಿಲ್ಲ. ಇದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ನೆಲ್ಯಾಡಿ ಕಡೆಯ ರಬ್ಬರ್ ತೋಟಗಳ ಮೇಲೊಂದು ಗುಡ್ಡವಿದೆ, ಅದರ ನೆತ್ತಿಯ ಟವರು ಆ ಹಳ್ಳಿಗೆ ನೇರ ಕಾಣುತ್ತದೆ. ಹತ್ತಿ ನೋಡಿದರೆ ಅದರ ಜಿಪಿಎಸ್ ಆಂಟೆನಾ ಸಿಡಿಲಿಗೆ ಸುಟ್ಟು ಕಪ್ಪಾಗಿತ್ತು. ಉಪಗ್ರಹಗಳಿಂದ ಸಮಯ ಪಡೆಯುವುದು ಅದೇ. ಅದು ಹೋದೊಡನೆ ಟವರು ಫೈಬರ್ ಕೇಬಲಿನಲ್ಲಿ ಬರುವ ಸಮಯಕ್ಕೆ ತಾನಾಗಿಯೇ ಬದಲಾಗಿತ್ತು. ಪುತ್ತೂರಿನ ದೊಡ್ಡ ಗಡಿಯಾರ ಕೇಬಲಿನ ಒಂದು ಎಳೆಯಲ್ಲಿ ಸಮಯದ ಪ್ಯಾಕೆಟ್ ಕಳಿಸುತ್ತದೆ, ಟವರು ಇನ್ನೊಂದು ಎಳೆಯಲ್ಲಿ ಉತ್ತರಿಸುತ್ತದೆ. ಹೋಗಿಬರಲು ಹಿಡಿದ ಹೊತ್ತನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ಬಂದ ಸಮಯಕ್ಕೆ ಸೇರಿಸಿ ಟವರು ತನ್ನ ಗಡಿಯಾರ ಸರಿಪಡಿಸಿಕೊಳ್ಳುತ್ತದೆ. ವ್ಯವಸ್ಥೆ ಒಳ್ಳೆಯದೇ. ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಉದ್ದ ಎಂಬ ನಂಬಿಕೆಯ ಮೇಲೆ ಮಾತ್ರ ಅದು ನಿಂತಿದೆ.

ಸಿಡಿಲಿಗೂ ಮೊದಲೇ, ಹೆದ್ದಾರಿ ಅಗಲ ಮಾಡುವಾಗ ಜೆಸಿಬಿ ಆ ಕೇಬಲನ್ನು ಕಡಿದಿತ್ತು. ಎಳೆ ಜೋಡಿಸಲು ಬಂದ ಗುತ್ತಿಗೆಯವನಿಗೆ ಫೋನ್ ಮಾಡಿ ಕೇಳಿದೆ. ಉತ್ತರದ ಎಳೆ ಎಷ್ಟು ಜೋಡಿಸಿದರೂ ಕೂಡಲಿಲ್ಲವಂತೆ. ಬೇರೆ ಕೇಬಲಿನಲ್ಲಿ ಒಂದು ಖಾಲಿ ಎಳೆ ಸಿಕ್ಕಿತು, ಅದಕ್ಕೇ ಕೊಟ್ಟೆ ಎಂದ. ಆ ಕೇಬಲು ಸುಳ್ಯ ಸುತ್ತಿ ಪುತ್ತೂರು ಸೇರುವಂಥದ್ದು. ಸಮಯ ಬರುವುದು ಹತ್ತಿರದ ದಾರಿಯಲ್ಲಿ, ಉತ್ತರ ಹೋಗುವುದು ನಲವತ್ತು ಕಿಲೋಮೀಟರು ಹೆಚ್ಚಿನ ದಾರಿಯಲ್ಲಿ. ಇದು ಗೊತ್ತಿಲ್ಲದ ಟವರು ತಾನು ಹಿಂದೆ ಬಿದ್ದಿದ್ದೇನೆ ಎಂದು ಲೆಕ್ಕ ಹಾಕಿ ಗಡಿಯಾರವನ್ನು ಮುಂದಿಟ್ಟುಕೊಂಡಿತ್ತು. ಗಡಿಯಾರದ ವೇಗ ತಪ್ಪಿರಲಿಲ್ಲ, ತರಂಗದ ಆವರ್ತನವೂ ಕರಾರುವಾಕ್ಕಾಗಿತ್ತು. ಹಾಗಾಗಿ ದೀಪಗಳೆಲ್ಲ ಹಸಿರು.

"ಇಂಟರ್‌ನೆಟ್ ಬರ್ತಾ ಉಂಟಲ್ಲ ಮಾರಾಯ್ರೆ, ಮತ್ತೆಂತ ಬೇಕು?" ಎಂದ ಅವನು. ನನಗೆ ಮೈಯೆಲ್ಲ ಉರಿಯಿತು. ಆದರೂ ಅವನನ್ನು ಏನೆಂದು ಬೈಯಲಿ? ಜಿಪಿಎಸ್ ಇರುವತನಕ ಅವನ ಜೋಡಣೆಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಇಂಟರ್‌ನೆಟ್ಟಿಗೆ ಯಾವ ದಾರಿಯಾದರೂ ಆದೀತು, ಗಡಿಯಾರಕ್ಕೆ ಆಗದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ಆಂಟೆನಾ ಕೂರಿಸಿದೆವು. ಅದು ಉಪಗ್ರಹಗಳನ್ನು ಹಿಡಿದು, ಟವರು ತನ್ನ ಸರದಿಗೆ ಮರಳುತ್ತಿದ್ದಂತೆ ಹಳ್ಳಿಯ ಟವರಿನ ಗದ್ದಲ ಇಳಿಯಿತು ಎಂದು ಪುತ್ತೂರಿನ ಕಚೇರಿಯಿಂದ ಹೇಳಿದರು. ಎಳೆಯನ್ನು ಹತ್ತಿರದ ದಾರಿಗೆ ತರಲೂ ಅವರು ಒಪ್ಪಿದರು. ಅಂಗಡಿಯ ಹೆಂಗಸಿನ ಫೋನಿನಿಂದಲೇ ಒಂದು ಕರೆ ಮಾಡಿಸಿ ನೋಡಬೇಕೆಂದು ಖುಷಿಯಲ್ಲಿ ಜೀಪು ಹತ್ತಿದೆ.

ಅಂಗಡಿ ಮುಚ್ಚಿತ್ತು. ಹಿಂದಿನ ಮನೆಯ ಜಗಲಿಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಆ ಹೆಂಗಸಿನ ತಮ್ಮ ಬಂದು ನನ್ನನ್ನು ಕೂರಿಸಿ, ಗಲ್ಫಿನಲ್ಲಿದ್ದ ಭಾವ ಹಿಂದಿನ ದಿನ ನಿದ್ದೆಯಲ್ಲೇ ಹೋದರು, ಹೃದಯಾಘಾತವಂತೆ ಎಂದ. ಸುದ್ದಿ ಕಡಬದಲ್ಲಿರುವ ನೆಂಟರಿಗೆ ಬಂದು, ಅವರು ಜೀಪು ಮಾಡಿಕೊಂಡು ಬಂದು ತಿಳಿಸಿದ್ದರು. ಅಕ್ಕನಿಗೆ ಕಡಬಕ್ಕೆ ಹೋಗಲು ಆಗಿರಲೇ ಇಲ್ಲ.

ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಅರ್ಧ ಮುಚ್ಚಿದ ಬಾಗಿಲಿನ ಹಿಂದಿನಿಂದ ಅವರ ದನಿ ಬಂತು. ಗಂಡ ತೀರಿಕೊಂಡ ಮೇಲಿನ ಇದ್ದತ್ತಿನ ದಿನಗಳಲ್ಲಿರುವವರು, ಪರ ಗಂಡಸರ ಎದುರು ಬರುವಂತಿಲ್ಲ.

ನಿಂತುಹೋಗಿದ್ದ ಮೆಸೇಜು ಇವತ್ತು ತಾನಾಗಿಯೇ ಹೋಯಿತು ಎಂದರು. ನನಗೆ ಸಿಟ್ಟಿಲ್ಲ ಎಂದು ಬರೆದದ್ದಂತೆ. ಗಂಡನ ಫೋನು ಅಲ್ಲಿಯ ರೂಮಿನವರ ಹತ್ತಿರ ಇನ್ನೂ ಚಾರ್ಜಿನಲ್ಲಿದೆ, ಹಾಗಾಗಿ ಎರಡು ಟಿಕ್ಕೂ ಬಿದ್ದವು. ತಮ್ಮ ತಲೆ ತಗ್ಗಿಸಿದ. ನಾನು ಮಾಡಿದ ರಿಪೇರಿಯೇ ಅದನ್ನು ಕಳಿಸಿದ್ದು. ಒಂದೇ ಒಂದು ದಿನ ಮೊದಲು ಆಗಿದ್ದರೆ ಎಂದುಕೊಂಡೆ.

"ಈಗ ನಾನು ಮಾತಾಡಿದ್ರೆ ಆ ಕಡೆಗೆ ಹೋಗ್ತದಾ?" ಎಂದು ಕೇಳಿದರು.

ನಾನು ತಮ್ಮನ ಮುಖ ನೋಡಿದೆ.

"ಹೋಗ್ತದೆ," ಅಂದೆ. "ಪೂರ್ತಿ ಹೋಗ್ತದೆ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವರು ಗಂಡನ ಫೋನಿಗೆ ವಾಯ್ಸ್ ಮೆಸೇಜು ಕಳಿಸಲು ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಮಾತು ಶುರುಮಾಡಿದರು. ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದರು, ಆ ಕಡೆಯವರು ಏನಾದರೂ ಅನ್ನಲಿ ಎಂದು ಜಾಗ ಬಿಟ್ಟ ಹಾಗೆ.