ಮೂರು ಓರೆಗೆರೆ, ಒಂದು ಟಿಸಿ

ಟಿಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು, ಕಾದು ಎಣ್ಣೆ ಕಕ್ಕಬಹುದಿತ್ತು. ಮುಖ್ಯ ಬ್ರೇಕರ್ ಬಿದ್ದು, ಗಿರಣಿ ಅರ್ಧ ಬೀಸಿದ ಜೋಳವನ್ನು ಬಾಯಲ್ಲಿಟ್ಟುಕೊಂಡೇ ನಿಲ್ಲಬಹುದಿತ್ತು. ಕೇಬಲ್ ಸುಟ್ಟ ವಾಸನೆ ಬರಬಹುದಿತ್ತು. ಶಹಾಪುರಕ್ಕೆ ಮರಳುವ ಆಟೊದಲ್ಲಿ ಜನ ನನ್ನನ್ನು ತೋರಿಸಿ ‘ಅಂವ ಇವನs’ ಅನ್ನಬಹುದಿತ್ತು. ಬೆಳಗಿನ ಚಹಾ ಮುಗಿಯುವುದರೊಳಗೆ ನಾನು ಇಷ್ಟನ್ನೂ ಅನುಭವಿಸಿ ಮುಗಿಸಿದ್ದೆ. ನಡುವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಬಂದದ್ದು ಮುಂದಾಲೋಚನೆ.

ವೈರಿಂಗ್ ಗುತ್ತಿಗೆ ನನ್ನ ಕಸುಬು. ಗೋಗಿಯ ಮಹಿಳಾ ಸಂಘದವರು ತಮ್ಮ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಕರೆಂಟಿನ ರೊಟ್ಟಿ ಯಂತ್ರ ಕೂಡಿಸಿದ್ದರು. ಗಿರಣಿಗೆಂದೇ ಹಾಕಿದ ಟಿಸಿ ಹೊರುವುದು ಹೆಚ್ಚೆಂದರೆ ಅರವತ್ತಮೂರು ಕೆವಿಎ. ‘ಇದರಾಗs ನಡೀತದ’ ಎಂದು ಬಾಯಿಬಿಟ್ಟವನು ನಾನೇ. ನಡೆಯದಿದ್ದರೆ ಯಂತ್ರ ವಾಪಸ್ಸು ಎಂದು ಗಿರಣಿ ನಡೆಸುವ ಅಕ್ಕ ಖಡಾಖಂಡಿತ ಹೇಳಿದ್ದರು. ಯಂತ್ರ ತಂದಿದ್ದ ಟೆಂಪೊ ಅಂದು ಬಾಗಿಲಲ್ಲೇ ನಿಂತಿತ್ತು.

ಅಕ್ಕ ಬೆರಳು ಮಡಚಿ ಎಣಿಸಿದರು.

“ಹಿಟ್ಟಿನ ಮೋಟರ್ ಇಪ್ಪತ್ತು. ಖಾರ ಕುಟ್ಟೋ ಮೋಟರ್‌ಗಳು ಕೂಡಿ ಇಪ್ಪತ್ತು. ಈ ರೊಟ್ಟಿ ಹಂಚು ಇಪ್ಪತ್ನಾಕು. ಎಲ್ಲಾ ನೀವs ಹೇಳಿದ್ದು ಅಣ್ಣಾರ. ಕೂಡಿಸಿದ್ರ ಅರವತ್ನಾಕಾತು. ಟಿಸಿ ಅರವತ್ಮೂರರದು.”

“ಹಂಗ ಕೂಡಸಾಂಗಿಲ್ರಿ ಅಕ್ಕಾರ.”

“ಮತ್ತ? ನಿಮ್ಮ ಶಹಾಪುರದಾಗ ಕೂಡಿಸೋದು ಬ್ಯಾರೆ ಐತೇನು?”

ಹಿಂದೆ ನಿಂತಿದ್ದ ಹೆಂಗಸರು ನಕ್ಕರು. ನಾನು ಸೀಮೆಸುಣ್ಣ ತೆಗೆದುಕೊಂಡು ನೆಲಕ್ಕೆ ಕೂತೆ.

ಹಂಚು ಎಳೆಯುವುದೆಲ್ಲ ಕಾವಿಗೇ ಹೋಗುತ್ತದೆ. ಮೋಟರ್ ಹಾಗಲ್ಲ. ಅದಕ್ಕೆ ದುಡಿಯುವ ಕರೆಂಟು ಬೇಕು, ಜೊತೆಗೆ ತನ್ನೊಳಗೆ ಅಯಸ್ಕಾಂತ ಹುಟ್ಟಿಸಲು ಬಂದು ಹೋಗಿ ಮಾಡುವ ಇನ್ನೊಂದು ಪಾಲೂ ಬೇಕು. ದುಡಿಯುವುದನ್ನು ಅಡ್ಡಕ್ಕೆ, ಬಂದು ಹೋಗುವುದನ್ನು ಮೇಲಕ್ಕೆ ಬರೆದರೆ ಎರಡರ ತುದಿ ಸೇರಿಸುವ ಓರೆಗೆರೆಯೇ ಟಿಸಿ ಹೊರುವ ಭಾರ. ಹಿಟ್ಟಿನ ಮೋಟರಿಗೆ ಅಡ್ಡ ಹದಿನಾರು, ಮೇಲೆ ಹನ್ನೆರಡು, ಓರೆ ಇಪ್ಪತ್ತು. ಖಾರದವಕ್ಕೆ ತಿರುಗಾಮುರುಗಾ: ಅಡ್ಡ ಹನ್ನೆರಡು, ಮೇಲೆ ಹದಿನಾರು, ಓರೆ ಮತ್ತೆ ಇಪ್ಪತ್ತೇ. ಹಂಚಿಗೆ ಅಡ್ಡ ಇಪ್ಪತ್ತನಾಲ್ಕು, ಮೇಲೆ ಸೊನ್ನೆ. ಒಂದಕ್ಕೆ ಒಂದು ಇಂಚಿನಂತೆ ಮೂರನ್ನೂ ತುದಿಗೆ ತುದಿ ಜೋಡಿಸಿ ಎಳೆದೆ. ಒಂದೊಂದೂ ಒಂದೊಂದು ಕೋನದಲ್ಲಿ ವಾಲಿದ್ದರಿಂದ ಗೆರೆ ಎರಡು ಕಡೆ ಬಾಗಿತು.

“ಈ ತುದಿಯಿಂದ ಆ ತುದಿಗೆ ನೆಟ್ಟಗ ಅಳೀರಿ,” ಎಂದು ಟೇಪು ಕೊಟ್ಟೆ.

ಅಕ್ಕ ಅಳೆದರು. ಮತ್ತೊಮ್ಮೆ ಅಳೆದರು. “ಐವತ್ತೊಂಬತ್ತು.”

“ಬಳಸಿ ಹೋದ್ರ ಅರವತ್ನಾಕು, ನೆಟ್ಟಗ ಹೋದ್ರ ಐವತ್ತೊಂಬತ್ತು. ಟಿಸಿ ಹೊರೋದು ನೆಟ್ಟಗಿಂದs.”

“ನೆಲದ ಮ್ಯಾಲಿನ ಗೆರಿ ಟಿಸಿಗೆ ಗೊತ್ತೈತೇನ್ರಿ?” ಎಂದಳು ಒಬ್ಬಳು. ನನಗೂ ಒಳಗೊಳಗೆ ಅದೇ ಅನುಮಾನ. ಇಪ್ಪತ್ತು ವರ್ಷದಿಂದ ಈ ಲೆಕ್ಕ ಮಾಡುತ್ತಿದ್ದೇನೆ, ಪ್ರತಿ ಸಲವೂ ತ್ರಿಕೋನ ಇವತ್ತೇ ಕೈಕೊಡುತ್ತದೆ ಎಂದು ನಂಬುತ್ತೇನೆ.

ಮೋಟರ್ ಶುರುವಾಗುವಾಗ ಜಗ್ಗುವುದು ಜಾಸ್ತಿ ಎಂದು ಒಂದೊಂದಾಗಿ ಹಚ್ಚಿಸಿದೆ. ಹಿಟ್ಟಿನದು ಓಡಿತು, ಖಾರದವು ಓಡಿದವು, ಎಲ್ಲರೂ ಸೀನಿದರು. ಆಮೇಲೆ ಹಂಚು. ವೈರಿಗೆ ಕಚ್ಚಿಸುವ ಮೀಟರನ್ನು ಮೂರಕ್ಕೂ ಹೋಗುವ ವೈರಿಗೆ ಒಂದೊಂದಾಗಿ ಹಿಡಿದೆ: ಇಪ್ಪತ್ತೆಂಟು ಆಂಪಿಯರ್, ಇಪ್ಪತ್ತೆಂಟು, ಮೂವತ್ತಮೂರು. ಅಕ್ಕನ ಬೆರಳುಗಳು ಮತ್ತೆ ಮಡಚಿಕೊಂಡವು.

“ಎಂಬತ್ತೊಂಬತ್ತಾತಲ್ರಿ. ಟಿಸಿಗೆ ಎಷ್ಟರ ತನಕ ಐತಿ?”

“ಎಂಬತ್ತೇಳು.” ಸುಳ್ಳು ಹೇಳುವ ಧೈರ್ಯ ನನಗಿಲ್ಲ.

ಮೂವರು ಹೆಂಗಸರು ನನ್ನ ಭುಜದ ಮೇಲಿಂದ ಬಗ್ಗಿದರು. ಹಂಚಿಗೆ ರೊಟ್ಟಿ ಹಾಕುತ್ತಿದ್ದವರೂ ಕೈಬಿಟ್ಟು ಬಂದರು. ಟಿಸಿಯಿಂದ ಮೂರಕ್ಕೂ ಕೂಡಿಯೇ ಕರೆಂಟು ತರುವ ಮುಖ್ಯ ವೈರಿಗೆ ಮೀಟರ್ ಕಚ್ಚಿಸಿದೆ. ಅಂಕಿ ಅತ್ತಿತ್ತ ಕುಣಿದು ಕೂತಿತು. ಎಂಬತ್ತೆರಡು.

ಮೀಟರನ್ನು ಅಕ್ಕನ ಕಡೆ ತಿರುಗಿಸಿದೆ. ಅಕ್ಕನೇ ಓದಿದರು. ಇನ್ನೊಂದು ಗಳಿಗೆ ನೋಡಿದರು. ಅಂಕಿ ಕದಲಲಿಲ್ಲ. ಬ್ರೇಕರ್ ಸುಮ್ಮನಿತ್ತು. ಹೊರಗೆ ಟಿಸಿ ಎಂದಿನಂತೆ ಗುಂಯ್‌ಗುಡುತ್ತಿತ್ತು.

“ತಮ್ಮಾ, ಗಾಡಿ ತಗೊಂಡು ನಡಿ,” ಎಂದು ಅಕ್ಕ ಬಾಗಿಲ ಕಡೆ ಕೂಗಿದರು. ನನ್ನ ಕಡೆ ತಿರುಗಿ, “ಇಷ್ಟು ಗೊತ್ತಿದ್ದವ್ರು ಮುಂಜಾನಿಂದ ಯಾಕ ಅಷ್ಟು ಬೆವರಾಕತ್ತಿದ್ರಿ ಅಣ್ಣಾರ?”

“ಹಂಚಿನ ಕಾವು ನೋಡ್ರಿ,” ಎಂದೆ. ಹಂಚು ಆಗ ಹತ್ತಿ ಐದು ನಿಮಿಷವೂ ಆಗಿರಲಿಲ್ಲ.

ಟೆಂಪೊ ಖಾಲಿಯಾಗಿ ಹೋದ ಸದ್ದು ಕೇಳಿ ನಾನು ಎಷ್ಟೋ ಹೊತ್ತಿನ ಮೇಲೆ ಪೂರ್ತಿ ಉಸಿರೆಳೆದೆ. ಆಗಲೇ ವಾಸನೆ ಬಂದದ್ದು. ಕೇಬಲಿನದಲ್ಲ. ಎಲ್ಲರೂ ಮೀಟರ್ ನೋಡುತ್ತ ನಿಂತಿದ್ದಾಗ, ಯಂತ್ರದ ಮೊದಲ ಆರು ರೊಟ್ಟಿ ಹಂಚಿನ ಮೇಲೆ ಕರ್ರಗೆ ಸುಟ್ಟು ಹೋಗಿದ್ದವು.